ವರ್ಗಾವಣೆ ರದ್ದಾದರೆ ಫ್ಲಾಟಿನ ಟೋಕನ್ ವಾಪಸ್ ಸಿಗುವುದೇ?

ಬಾಡಿಗೆ ಫ್ಲಾಟನ್ನು ಬೇರೆಯವರಿಗೆ ಕೊಡದೆ ತಮಗೇ ಉಳಿಸಬೇಕೆಂದು, ಕರಾರು ಪತ್ರಕ್ಕೆ ಸಹಿ ಬೀಳುವ ಮುನ್ನವೇ ಮಾಲೀಕರಿಗೆ ಕೊಡುವ ಮುಂಗಡವನ್ನು ಟೋಕನ್ ಎನ್ನುತ್ತಾರೆ. ಬೆಂಗಳೂರಿನಲ್ಲಿ ಮನೆ ಹುಡುಕುವವರು ಫ್ಲಾಟ್ ಇಷ್ಟವಾದ ಕೂಡಲೇ ಫೋನಿನಿಂದಲೇ ಒಂದು ಮೊತ್ತ ಹಾಕುತ್ತಾರೆ. ಮಾಲೀಕರು ಟು-ಲೆಟ್ ಬೋರ್ಡು ತೆಗೆಯುತ್ತಾರೆ, ಮನೆ ನೋಡಲು ಬಂದ ಉಳಿದವರಿಗೆ ‘ಆಗಿಹೋಯಿತು’ ಎಂದು ಹೇಳಿ ಕಳಿಸುತ್ತಾರೆ. ಕೀ ಕೊಡುವ ದಿನ ಬಾಕಿ ಅಡ್ವಾನ್ಸ್ ಕೊಟ್ಟಾಗ ಟೋಕನ್ ಅದರಲ್ಲಿ ಸೇರಿಹೋಗುತ್ತದೆ. ಎಲ್ಲವೂ ಸರಿಯಾಗಿ ನಡೆದರೆ ಈ ಹಣದ ಬಗ್ಗೆ ಯಾರೂ ಮತ್ತೆ ಮಾತಾಡುವುದಿಲ್ಲ. ನಡುವೆ ಬಾಡಿಗೆದಾರರ ವರ್ಗಾವಣೆಯೇ ರದ್ದಾದರೆ ಮಾತ್ರ ಪ್ರಶ್ನೆ ಏಳುತ್ತದೆ. ಊರಿಗೇ ಬಾರದವರಿಗೆ ಮನೆ ಬೇಡ. ಮನೆ ಹಿಡಿದಿಟ್ಟ ಮಾಲೀಕರಿಗೆ ಬಾಡಿಗೆ ಬೇಕು.

ಸಾಮಾನ್ಯವಾಗಿ ಎರಡೂ ಕಡೆಯವರು ಎರಡು ತುದಿಗಳಲ್ಲಿ ನಿಂತಿರುತ್ತಾರೆ. ‘ನಾನು ಮನೆಗೆ ಕಾಲೇ ಇಟ್ಟಿಲ್ಲ, ಪೂರ್ತಿ ಹಣ ಕೊಡಿ’ ಎನ್ನುವುದು ಒಂದು ವಾದ. ‘ಟೋಕನ್ ವಾಪಸ್ ಕೊಡುವ ಪದ್ಧತಿಯೇ ಇಲ್ಲ’ ಎನ್ನುವುದು ಇನ್ನೊಂದು. ಕಾನೂನು ಈ ಎರಡು ವಾದಗಳ ನಡುವೆ ಇದೆ.

ಮಾತು ಎಲ್ಲಿಯವರೆಗೆ ಬಂದಿತ್ತು

ಮೊದಲು ನೋಡಬೇಕಾದದ್ದು ಟೋಕನ್ ಕೊಟ್ಟಾಗ ಮಾತು ಪೂರ್ತಿ ಕುದುರಿತ್ತೇ ಇಲ್ಲವೇ ಎಂಬುದನ್ನು. ಯಾವ ಫ್ಲಾಟ್, ತಿಂಗಳಿಗೆ ಎಷ್ಟು ಬಾಡಿಗೆ, ಎಷ್ಟು ಅಡ್ವಾನ್ಸ್, ಯಾವ ತಾರೀಖಿನಿಂದ ಎನ್ನುವುದು ಇತ್ಯರ್ಥವಾಗಿ, ಅದಕ್ಕೆ ಟೋಕನ್ ಕೊಟ್ಟಿದ್ದರೆ ಅಲ್ಲಿಗೆ ಒಂದು ಒಪ್ಪಂದ ಆದಂತೆಯೇ. ಛಾಪಾ ಕಾಗದದ ಮೇಲೆ ಸಹಿ ಬಿದ್ದಿಲ್ಲ ಎಂಬ ಒಂದೇ ಕಾರಣಕ್ಕೆ ಒಪ್ಪಂದವೇ ಇರಲಿಲ್ಲ ಎನ್ನಲಾಗದು. ವಾಟ್ಸಾಪ್‌ನಲ್ಲಿ ನಡೆದ ಮಾತುಕತೆ ಮತ್ತು ಹಣ ಹೋದ ದಾಖಲೆ ಸೇರಿ ಅದಕ್ಕೆ ಸಾಕ್ಷಿಯಾಗುತ್ತವೆ.

ಮುಖ್ಯ ವಿಷಯಗಳೇ ತೀರ್ಮಾನವಾಗದೆ ಉಳಿದಿದ್ದರೆ ಮಾತು ಬೇರೆ. ಅಡ್ವಾನ್ಸ್ ಎಷ್ಟೆಂದು ಇನ್ನೂ ಚೌಕಾಸಿ ನಡೆಯುತ್ತಿತ್ತು, ಅಥವಾ ಟೋಕನ್ ಪಡೆದ ಮೇಲೆ ಮಾಲೀಕರು ಬಾಡಿಗೆ ಏರಿಸಿದರು ಎಂದಾದರೆ ಹಣವನ್ನು ಪೂರ್ತಿಯಾಗಿ ವಾಪಸ್ ಕೇಳಲು ಗಟ್ಟಿ ಆಧಾರ ಇರುತ್ತದೆ. ಆಗ ವರ್ಗಾವಣೆ ರದ್ದಾದ ಕಾರಣವನ್ನು ಮುಂದಿಡುವ ಅಗತ್ಯವೂ ಬೀಳದು.

ಹೆಚ್ಚಿನ ಪ್ರಕರಣಗಳಲ್ಲಿ ಮಾತು ಮುಗಿದೇ ಇರುತ್ತದೆ. ಹಾಗಾಗಿ ಮುಂದಿನ ಚರ್ಚೆಯೆಲ್ಲ ಒಪ್ಪಂದ ಆಗಿದೆ ಎಂದು ಭಾವಿಸಿಯೇ ಸಾಗಬೇಕು.

ವರ್ಗಾವಣೆ ರದ್ದು ಮಾಲೀಕರನ್ನು ಕಟ್ಟಿಹಾಕುವುದಿಲ್ಲ

ವರ್ಗಾವಣೆ ರದ್ದಾಗುವುದು ನೌಕರರ ಕೈಮೀರಿದ ಸಂಗತಿ. ಮೇಲಿನವರು ಆದೇಶ ಹಿಂಪಡೆಯಬಹುದು. ರಾಜ್ಯ ಸರ್ಕಾರಿ ನೌಕರರ ವಿಷಯದಲ್ಲಿ ಆಡಳಿತ ನ್ಯಾಯಮಂಡಳಿ ತಡೆಯಾಜ್ಞೆ ನೀಡಬಹುದು. ಆದರೂ ‘ನನ್ನ ತಪ್ಪಿಲ್ಲ, ಆದ್ದರಿಂದ ಒಪ್ಪಂದವೇ ಬಿದ್ದುಹೋಯಿತು’ ಎಂಬ ವಾದ ಕಾನೂನಿನಲ್ಲಿ ನಿಲ್ಲುವುದು ಕಷ್ಟ.

1872ರ ಭಾರತೀಯ ಕರಾರು ಕಾಯ್ದೆಯ 56ನೇ ಕಲಂ, ನೆರವೇರಿಸಲು ಅಸಾಧ್ಯವಾದ ಕರಾರು ಶೂನ್ಯವಾಗುತ್ತದೆ ಎನ್ನುತ್ತದೆ. ಕರಾರಿನ ಬುಡವೇ ಕುಸಿಯುವಂಥ ಘಟನೆ ನಡೆದರೆ ಮಾತ್ರ ಈ ಕಲಂ ನೆರವಿಗೆ ಬರುತ್ತದೆ ಎಂಬುದು ಸುಪ್ರೀಂ ಕೋರ್ಟ್ 1953ರಿಂದ ಹಿಡಿದುಬಂದ ನಿಲುವು. ಕಲ್ಕತ್ತಾದ ಬಡಾವಣೆಯೊಂದರ ಜಮೀನನ್ನು ಯುದ್ಧಕಾಲದಲ್ಲಿ ಸರ್ಕಾರ ತನ್ನ ವಶಕ್ಕೆ ಪಡೆದಿತ್ತು. ಅಷ್ಟಾದರೂ ನಿವೇಶನದ ಒಪ್ಪಂದ ಮುರಿದುಬೀಳಲಿಲ್ಲ ಎಂದೇ ಆಗ ನ್ಯಾಯಾಲಯ ಹೇಳಿತು. ಬಾಡಿಗೆ ಫ್ಲಾಟಿನ ವಿಷಯದಲ್ಲಿ ಕಟ್ಟಡ ಗಟ್ಟಿಯಾಗಿಯೇ ನಿಂತಿರುತ್ತದೆ, ಮಾಲೀಕರು ಕೀ ಕೊಡಲು ಸಿದ್ಧರಿರುತ್ತಾರೆ. ಬದಲಾಗಿರುವುದು ಬಾಡಿಗೆದಾರರ ಅಗತ್ಯ ಮಾತ್ರ. ಹಾಗಾಗಿ ಹಿಂದೆ ಸರಿದವರು ಬಾಡಿಗೆದಾರರೇ ಎಂದಾಗುತ್ತದೆ. ‘ವರ್ಗಾವಣೆ ರದ್ದಾದರೆ ಒಪ್ಪಂದವೂ ರದ್ದು’ ಎಂದು ಮೊದಲೇ ಮಾತಾಗಿದ್ದರೆ ಮಾತ್ರ ಇದು ಬದಲಾಗುತ್ತದೆ.

ಬಾಡಿಗೆ ಕಾಯ್ದೆಯಲ್ಲಿ ರಕ್ಷಣೆ ಹುಡುಕಿದರೂ ಪ್ರಯೋಜನ ಕಡಿಮೆ. 1999ರ ಕರ್ನಾಟಕ ಬಾಡಿಗೆ ಕಾಯ್ದೆ ತಿಂಗಳ ಬಾಡಿಗೆ 3,500 ರೂಪಾಯಿ ದಾಟಿದ ಮನೆಗಳಿಗೆ ಬೆಂಗಳೂರಿನಂಥ ಊರಲ್ಲಿ ಅನ್ವಯಿಸುವುದಿಲ್ಲ. ಈಗಿನ ಫ್ಲಾಟುಗಳು ಬಹುತೇಕ ಅದರ ಹೊರಗೇ ಉಳಿಯುತ್ತವೆ. ಉಳಿಯುವುದು ಕರಾರು ಕಾಯ್ದೆಯ ಸಾಮಾನ್ಯ ನಿಯಮಗಳು. ಅದೃಷ್ಟಕ್ಕೆ, ಆ ನಿಯಮಗಳು ಹಿಂದೆ ಸರಿದವರನ್ನೂ ಪೂರ್ತಿ ಕೈಬಿಡುವುದಿಲ್ಲ.

ಮಾಲೀಕರು ಎಷ್ಟು ಹಿಡಿದುಕೊಳ್ಳಬಹುದು

ಒಪ್ಪಂದ ಮುರಿದವರು ಪರಿಹಾರ ಕೊಡಬೇಕು. ಆದರೆ ಆ ಪರಿಹಾರ ನ್ಯಾಯಸಮ್ಮತವಾಗಿರಬೇಕು, ಕರಾರಿನಲ್ಲಿ ನಮೂದಿಸಿದ ಮೊತ್ತವನ್ನು ಮೀರಬಾರದು ಎನ್ನುತ್ತದೆ ಕರಾರು ಕಾಯ್ದೆಯ 74ನೇ ಕಲಂ. ಇದರ ಅರ್ಥವನ್ನು ತಿಳಿಯಲು ಸುಪ್ರೀಂ ಕೋರ್ಟಿನ ಎರಡು ತೀರ್ಪುಗಳು ಸಾಕು.

ಮೊದಲನೆಯದು 1969ರ ಮೌಲಾ ಬಕ್ಷ್ ಪ್ರಕರಣ. ಸೇನೆಗೆ ಆಲೂಗಡ್ಡೆ, ಕೋಳಿ, ಮೊಟ್ಟೆ, ಮೀನು ಪೂರೈಸುವ ಗುತ್ತಿಗೆ ಪಡೆದವರೊಬ್ಬರು ಎರಡು ಗುತ್ತಿಗೆಗಳಿಗೆ ಒಟ್ಟು 18,500 ರೂಪಾಯಿ ಠೇವಣಿ ಇಟ್ಟಿದ್ದರು. ಸರಿಯಾಗಿ ಪೂರೈಸಲಿಲ್ಲವೆಂದು ಸರ್ಕಾರ ಗುತ್ತಿಗೆ ರದ್ದು ಮಾಡಿ ಠೇವಣಿಯನ್ನು ಮುಟ್ಟುಗೋಲು ಹಾಕಿಕೊಂಡಿತು. ಬೇರೆ ಕಡೆಯಿಂದ ಎಷ್ಟು ಬೆಲೆಗೆ ಕೊಳ್ಳಬೇಕಾಯಿತು ಎಂಬ ಲೆಕ್ಕ ಕೊಟ್ಟು ನಷ್ಟವನ್ನು ತೋರಿಸಬಹುದಾಗಿತ್ತು, ಸರ್ಕಾರ ತೋರಿಸಲಿಲ್ಲ. ನಷ್ಟವನ್ನು ಲೆಕ್ಕ ಹಾಕಲು ಸಾಧ್ಯವಿದ್ದಾಗ ಅದನ್ನು ಸಾಬೀತು ಮಾಡದೆ ಹಣ ಇಟ್ಟುಕೊಳ್ಳುವಂತಿಲ್ಲ ಎಂದು ನ್ಯಾಯಾಲಯ ತೀರ್ಪು ಕೊಟ್ಟಿತು.

ಎರಡನೆಯದು 2015ರ ಕೈಲಾಸ್ ನಾಥ್ ಪ್ರಕರಣ. ದೆಹಲಿ ಅಭಿವೃದ್ಧಿ ಪ್ರಾಧಿಕಾರ 1982ರಲ್ಲಿ ಹರಾಜು ಹಾಕಿದ ನಿವೇಶನಕ್ಕೆ ಕೊಂಡವರು 78 ಲಕ್ಷ ರೂಪಾಯಿ ಮುಂಗಡ ಕಟ್ಟಿದ್ದರು. ನಿವೇಶನದ ಬೆಲೆ 3 ಕೋಟಿ 12 ಲಕ್ಷ. ಬಾಕಿ ಹಣ ಬಂದಿಲ್ಲವೆಂದು ಪ್ರಾಧಿಕಾರ ಮುಂಗಡವನ್ನು ಮುಟ್ಟುಗೋಲು ಹಾಕಿಕೊಂಡಿತು. ಆಮೇಲೆ ಅದೇ ನಿವೇಶನವನ್ನು 11 ಕೋಟಿ 78 ಲಕ್ಷಕ್ಕೆ ಮಾರಿತು. ನಷ್ಟದ ಬದಲು ಲಾಭವೇ ಆಗಿರುವಾಗ ಮುಂಗಡವನ್ನು ಇಟ್ಟುಕೊಳ್ಳುವುದು ಸರಿಯಲ್ಲ ಎಂದು ಸುಪ್ರೀಂ ಕೋರ್ಟ್ ಹಣ ಮರಳಿಸಲು ಆದೇಶಿಸಿತು.

ಇದಕ್ಕೊಂದು ಮಿತಿಯೂ ಇದೆ. ಸಂಚಕಾರ, ಅಂದರೆ ಮಾತು ಉಳಿಸಿಕೊಳ್ಳುವೆನೆಂಬ ಖಾತರಿಗೆ ಕೊಟ್ಟ ಹಣ, ಮೊತ್ತದಲ್ಲಿ ಅತಿಯಾಗಿರದಿದ್ದರೆ ತಪ್ಪಿದವರು ಅದನ್ನು ಕಳೆದುಕೊಳ್ಳುತ್ತಾರೆ ಎಂಬ ಹಳೆಯ ನಿಯಮವನ್ನು ನ್ಯಾಯಾಲಯಗಳು ಬಿಟ್ಟುಕೊಟ್ಟಿಲ್ಲ. 70 ಲಕ್ಷದ ಆಸ್ತಿಗೆ ಕೊಟ್ಟ 7 ಲಕ್ಷ ಸಂಚಕಾರವನ್ನು ಮಾರುವವರು ಉಳಿಸಿಕೊಂಡದ್ದು ಸರಿ ಎಂದು 2012ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಹಾಗಾಗಿ ‘ಬಾಡಿಗೆದಾರರು ಹಿಂದೆ ಸರಿದರೆ ಟೋಕನ್ ವಾಪಸಿಲ್ಲ’ ಎಂದು ಮಾಲೀಕರು ಮೊದಲೇ ಬರೆದು ತಿಳಿಸಿದ್ದರೆ, ಟೋಕನ್ ಮೊತ್ತವೂ ಸಣ್ಣದಿದ್ದರೆ ಅವರ ವಾದಕ್ಕೆ ಬಲ ಹೆಚ್ಚು. ಅಂಥ ಮಾತೇ ಇಲ್ಲದೆ ಟೋಕನ್ ಬರೀ ಅಡ್ವಾನ್ಸಿನ ಭಾಗವಾಗಿ ಹೋಗಿದ್ದರೆ, ಅಥವಾ ಎರಡು ಮೂರು ತಿಂಗಳ ಬಾಡಿಗೆಯಷ್ಟು ದೊಡ್ಡದಿದ್ದರೆ ಬಾಡಿಗೆದಾರರ ಕಡೆ ತೂಕ ಹೆಚ್ಚು. ‘ಪದ್ಧತಿ ಹೀಗೆ’ ಎನ್ನುವುದೊಂದೇ ಮುಟ್ಟುಗೋಲಿಗೆ ಸಾಕಾಗುವ ಕಾರಣವಲ್ಲ.

ಒಂದು ಲೆಕ್ಕ

ಹುಬ್ಬಳ್ಳಿಯ ಬ್ಯಾಂಕ್ ಉದ್ಯೋಗಿಯೊಬ್ಬರಿಗೆ ಬೆಂಗಳೂರಿಗೆ ವರ್ಗವಾಯಿತು ಎಂದುಕೊಳ್ಳೋಣ. ವಿಜಯನಗರದಲ್ಲಿ ಎರಡು ಬೆಡ್‌ರೂಮಿನ ಫ್ಲಾಟ್ ನೋಡಿ, ತಿಂಗಳಿಗೆ 30,000 ಬಾಡಿಗೆ, ಒಂದೂವರೆ ಲಕ್ಷ ಅಡ್ವಾನ್ಸ್, ಜೂನ್ 1ರಿಂದ ವಾಸ ಎಂದು ಮಾತಾಯಿತು. ಮೇ 16ರಂದು ಅವರು 25,000 ರೂಪಾಯಿ ಟೋಕನ್ ಹಾಕಿದರು. ಮೇ 22ಕ್ಕೆ ವರ್ಗಾವಣೆ ರದ್ದಾದ ಆದೇಶ ಬಂತು. ಅಂದೇ ಸಂಜೆ ಮಾಲೀಕರಿಗೆ ತಿಳಿಸಿದರು. ಮಾಲೀಕರು ಮಾರನೆಯ ದಿನ ಮತ್ತೆ ಬೋರ್ಡು ಹಾಕಿದರು. ಜೂನ್ 10ಕ್ಕೆ ಬೇರೆಯವರು ಅದೇ ಬಾಡಿಗೆಗೆ ಮನೆಗೆ ಬಂದರು.

ಇಲ್ಲಿ ಮಾಲೀಕರ ನಿಜವಾದ ನಷ್ಟ ಜೂನ್ 1ರಿಂದ 9ರವರೆಗಿನ ಒಂಬತ್ತು ದಿನಗಳ ಬಾಡಿಗೆ. ದಿನಕ್ಕೆ 1,000ದಂತೆ ಅದು 9,000 ರೂಪಾಯಿ. ಮೇ ತಿಂಗಳ ದಿನಗಳನ್ನು ಸೇರಿಸುವಂತಿಲ್ಲ. ಒಪ್ಪಂದ ಉಳಿದಿದ್ದರೂ ಆ ದಿನಗಳಿಗೆ ಬಾಡಿಗೆ ಬರುತ್ತಿರಲಿಲ್ಲ. ಇನ್ನುಳಿದ ಖರ್ಚುಗಳನ್ನೂ ಇದೇ ರೀತಿ ತೂಗಿ ನೋಡಬೇಕು. ಹಿಂದಿನ ಬಾಡಿಗೆದಾರರು ಬಿಟ್ಟ ಮೇಲೆ ಹೇಗೂ ಮಾಡಿಸಬೇಕಿದ್ದ ಸುಣ್ಣಬಣ್ಣ ಈ ಲೆಕ್ಕಕ್ಕೆ ಸೇರುವುದಿಲ್ಲ. ಈ ಉದ್ಯೋಗಿ ಕೇಳಿದರೆಂದು ಕಿಟಕಿಗಳಿಗೆ ಹಾಕಿಸಿದ ಸೊಳ್ಳೆ ಪರದೆ ಮನೆಯಲ್ಲೇ ಉಳಿದು ಮುಂದಿನವರಿಗೂ ಉಪಯೋಗವಾಗುತ್ತದೆ, ಅದನ್ನೂ ಪೂರ್ತಿಯಾಗಿ ಕಳೆಯುವುದು ಸರಿಯಾಗದು. ಹೊಸಬರನ್ನು ಹುಡುಕಲು ಮಾಲೀಕರು ಮತ್ತೆ ಜಾಹೀರಾತಿಗೆ 1,000 ರೂಪಾಯಿ ಕೊಟ್ಟಿದ್ದರೆ ಅದು ಸೇರುತ್ತದೆ. ಅಲ್ಲಿಗೆ ನಷ್ಟ 10,000, ಮರಳಬೇಕಾದದ್ದು 15,000.

ಹೊಸ ಬಾಡಿಗೆದಾರರು 31,000ಕ್ಕೆ ಬಂದಿದ್ದರೆ ಚಿತ್ರವೇ ಬದಲಾಗುತ್ತದೆ. ತಿಂಗಳಿಗೆ 1,000ದಂತೆ ಹನ್ನೊಂದು ತಿಂಗಳ ಕರಾರಿನಲ್ಲಿ 11,000 ಹೆಚ್ಚು ಬರುವುದರಿಂದ ನಷ್ಟ ತುಂಬಿಹೋಗುತ್ತದೆ. ಪೂರ್ತಿ ಟೋಕನ್ ಕೇಳಲು ಆಧಾರ ಸಿಗುತ್ತದೆ. ಅತ್ತ, ಮಾಲೀಕರು ಪ್ರಯತ್ನಪಟ್ಟರೂ ಜೂನ್ ಪೂರ್ತಿ ಮನೆ ಖಾಲಿ ಉಳಿದಿದ್ದರೆ ನಷ್ಟ ಟೋಕನನ್ನೇ ಮೀರುತ್ತದೆ. ಆಗ ವಾಪಸ್ ಕೇಳಲು ಏನೂ ಉಳಿಯುವುದಿಲ್ಲ. ನಷ್ಟವನ್ನು ಕಡಿಮೆ ಮಾಡಿಕೊಳ್ಳಲು ಮಾಲೀಕರು ಏನು ಮಾಡಬಹುದಿತ್ತು ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕೆಂದು 73ನೇ ಕಲಂ ಹೇಳುತ್ತದೆ. ಮನೆಯನ್ನು ಸುಮ್ಮನೆ ಬೀಗ ಹಾಕಿಟ್ಟು ಮೂರು ತಿಂಗಳ ಬಾಡಿಗೆ ಕೇಳಲು ಬರುವುದಿಲ್ಲ.

ಕೇಳುವ ಕ್ರಮ

ಈ ಲೆಕ್ಕದಿಂದ ಒಂದು ಮಾತು ಸ್ಪಷ್ಟ: ಹಣವನ್ನು ನಿರ್ಧರಿಸುವುದು ದಿನಗಳು. ಮೇ 22ರಂದೇ ತಿಳಿಸಿದ್ದರಿಂದ ಮಾಲೀಕರಿಗೆ ಹೊಸಬರನ್ನು ಹುಡುಕಲು ಒಂಬತ್ತು ದಿನ ಮುಂಚಿತವಾಗಿ ಸಿಕ್ಕಿತು. ರದ್ದತಿ ಮತ್ತೆ ಬದಲಾದೀತೆಂದು ಕಾದು ಮೇ 31ಕ್ಕೆ ತಿಳಿಸಿದ್ದರೆ ಆ ಒಂಬತ್ತು ದಿನಗಳ ಬಾಡಿಗೆಯೂ ಟೋಕನಿನಿಂದಲೇ ಹೋಗುತ್ತಿತ್ತು.

ಮೊದಲು ಫೋನ್ ಮಾಡುವುದು ಮರ್ಯಾದೆ. ಅದರ ಬೆನ್ನಿಗೇ ಬರೆದು ಕಳಿಸುವುದು ಅಗತ್ಯ. ಬರಹದಲ್ಲಿ ನಾಲ್ಕು ಅಂಶ ಇರಬೇಕು: ಯಾವಾಗ ಎಷ್ಟು ಕೊಟ್ಟದ್ದು, ಏಕೆ ಬರಲಾಗುತ್ತಿಲ್ಲ, ಮನೆಯನ್ನು ಇಂದಿನಿಂದಲೇ ಬೇರೆಯವರಿಗೆ ತೋರಿಸಬಹುದೆಂಬ ಮಾತು, ಹಣ ಯಾವ ಖಾತೆಗೆ ಯಾವಾಗ ಬರಬೇಕೆಂಬ ಕೋರಿಕೆ. ಉದಾಹರಣೆಗೆ:

‘ನಮಸ್ಕಾರ ಸರ್. ನಿಮ್ಮ ಮೂರನೇ ಮಹಡಿಯ ಫ್ಲಾಟಿಗೆ ಮೇ 16ರಂದು ನಿಮ್ಮ ಖಾತೆಗೆ 25,000 ರೂ. ಟೋಕನ್ ಹಾಕಿದ್ದೆ. ನನ್ನ ಬೆಂಗಳೂರು ವರ್ಗಾವಣೆ ಇಂದು ರದ್ದಾಗಿದೆ, ಆದೇಶದ ಪ್ರತಿ ಜೊತೆಗಿದೆ. ಹಾಗಾಗಿ ಜೂನ್ 1ಕ್ಕೆ ಮನೆಗೆ ಬರಲು ಆಗುತ್ತಿಲ್ಲ. ನಿಮಗೆ ತೊಂದರೆಯಾಗಿದ್ದಕ್ಕೆ ಕ್ಷಮೆ ಇರಲಿ. ಇಂದಿನಿಂದಲೇ ಮನೆಯನ್ನು ಬೇರೆಯವರಿಗೆ ತೋರಿಸಲು ನನ್ನ ಅಡ್ಡಿಯಿಲ್ಲ. ಜೂನ್ 1ರ ನಂತರ ಮನೆ ಖಾಲಿ ಉಳಿದ ದಿನಗಳ ಬಾಡಿಗೆ ಹಿಡಿದುಕೊಂಡು ಉಳಿದ ಹಣವನ್ನು ಹೊಸಬರು ಬಂದ ಏಳು ದಿನದೊಳಗೆ ಇದೇ ನಂಬರಿಗೆ ಹಾಕಬೇಕಾಗಿ ವಿನಂತಿ.’

ಆದೇಶದ ಪ್ರತಿ ಲಗತ್ತಿಸಿದರೆ ಮಾಲೀಕರ ಮನಸ್ಸಿನಲ್ಲಿ ಏಳುವ ಮೊದಲ ಅನುಮಾನ, ಅಂದರೆ ಅಗ್ಗದ ಮನೆ ಸಿಕ್ಕಿದ್ದರಿಂದ ಕೈಕೊಡುತ್ತಿದ್ದಾರೆ ಎಂಬುದು ಹೋಗುತ್ತದೆ. ಆದೇಶದಲ್ಲಿರುವ ಉಳಿದ ನೌಕರರ ಹೆಸರುಗಳನ್ನು ಮುಚ್ಚಿ ಕಳಿಸುವುದು ಒಳ್ಳೆಯದು. ಖಾಲಿ ದಿನಗಳ ಬಾಡಿಗೆಯನ್ನು ತಾವೇ ಒಪ್ಪಿಕೊಳ್ಳುವುದರಿಂದ ಕೊಡುವುದೇ ಇಲ್ಲ ಎಂಬ ಮಾತಿಗೆ ಮೊದಲೇ ತಡೆ ಬೀಳುತ್ತದೆ. ಪರಿಚಿತರಲ್ಲಿ ಯಾರಾದರೂ ಮನೆ ಹುಡುಕುತ್ತಿದ್ದರೆ ಅವರನ್ನು ಮಾಲೀಕರಿಗೆ ಪರಿಚಯಿಸುವುದು ಎಲ್ಲಕ್ಕಿಂತ ಬೇಗ ಫಲ ಕೊಡುವ ದಾರಿ. ಜೂನ್ 1ಕ್ಕೇ ಇನ್ನೊಬ್ಬರು ಬಂದುಬಿಟ್ಟರೆ ಹಿಡಿದುಕೊಳ್ಳಲು ಬಾಡಿಗೆಯ ನಷ್ಟವೇ ಇರುವುದಿಲ್ಲ.

ಟೋಕನನ್ನು ಬ್ರೋಕರ್ ಕೈಗೆ ಕೊಟ್ಟಿದ್ದರೆ ಮೊದಲು ಅದು ಮಾಲೀಕರಿಗೆ ತಲುಪಿದೆಯೇ ಎಂದು ಇಬ್ಬರಿಗೂ ಬರೆದು ಕೇಳಬೇಕು. ಬ್ರೋಕರ್ ಕಮಿಷನ್ ಬೇರೆ ವಿಷಯ, ಟೋಕನಿನ ಜೊತೆ ಅದನ್ನು ಬೆರೆಸಬಾರದು. ಕರಾರಾಗಿ ಕೀ ಕೊಟ್ಟ ಮೇಲೆ ಕಮಿಷನ್ ಎಂದು ಮಾತಾಗಿದ್ದರೆ, ಈಗ ಟೋಕನಿನಲ್ಲಿ ಅದನ್ನು ಮುರಿದುಕೊಳ್ಳಲು ಬ್ರೋಕರಿಗೆ ಹಕ್ಕಿಲ್ಲ.

ಕಳೆದ ಹಣಕ್ಕೆ ಇನ್ನೊಂದು ಬಾಗಿಲು ಕಚೇರಿಯದು. ಸಂಸ್ಥೆಯೇ ವರ್ಗ ಮಾಡಿ ಸಂಸ್ಥೆಯೇ ರದ್ದು ಮಾಡಿದ್ದರೆ, ಆದೇಶ ನಂಬಿ ಮಾಡಿದ ಖರ್ಚನ್ನು ಭರಿಸುವಂತೆ ಟೋಕನ್ ರಸೀದಿ, ಎರಡೂ ಆದೇಶ ಮತ್ತು ಮಾಲೀಕರು ಕಳೆದ ಲೆಕ್ಕವನ್ನು ಇಟ್ಟು ಮನವಿ ಕೊಡಬಹುದು. ಕೊಡಬೇಕೇ ಬೇಡವೇ ಎಂಬುದು ಆ ಸಂಸ್ಥೆಯ ವರ್ಗಾವಣೆ ಭತ್ಯೆಯ ನಿಯಮಕ್ಕೆ ಬಿಟ್ಟದ್ದು. ನೌಕರರೇ ಕೋರಿ ರದ್ದು ಮಾಡಿಸಿಕೊಂಡಿದ್ದರೆ ಈ ಮನವಿಗೆ ಬಲ ಇರುವುದಿಲ್ಲ.

ಮಾಲೀಕರು ಒಪ್ಪದಿದ್ದರೆ

ಹೊಸಬರು ಬಂದ ಮೇಲೂ ಹಣ ಬಾರದಿದ್ದರೆ ಲೆಕ್ಕವನ್ನು ಬರೆದು ಕೊಡುವಂತೆ ಕೇಳಬೇಕು. ಎಷ್ಟು ದಿನ ಖಾಲಿ ಇತ್ತು, ಯಾವುದಕ್ಕೆ ಎಷ್ಟು ಖರ್ಚಾಯಿತು ಎಂದು ಕೇಳಿದಾಗ ಉತ್ತರವೇ ಬಾರದಿದ್ದರೆ ಆ ಮೌನವೂ ಮುಂದೆ ಉಪಯೋಗಕ್ಕೆ ಬರುತ್ತದೆ. ಆಮೇಲೆ ಸ್ಪೀಡ್ ಪೋಸ್ಟ್‌ನಲ್ಲಿ ನೋಟಿಸ್ ಕಳಿಸಬಹುದು. ಹಣ ವಸೂಲಿಯ ದಾವೆಗೆ ಸಾಮಾನ್ಯವಾಗಿ ಮೂರು ವರ್ಷದ ಕಾಲಮಿತಿ ಇದೆ. ಹತ್ತು ಹದಿನೈದು ಸಾವಿರಕ್ಕೆ ದಾವೆ ಹೂಡಿದರೆ ವಕೀಲರ ಫೀಸೇ ಹೆಚ್ಚಾಗುವುದರಿಂದ ಅದು ಕೊನೆಯ ದಾರಿಯಾಗಿಯೇ ಇರಲಿ.

ಅದಕ್ಕಿಂತ ಸುಲಭದ ದಾರಿ ಕಾನೂನು ಸೇವಾ ಪ್ರಾಧಿಕಾರದ್ದು. ಪ್ರಕರಣ ದಾಖಲಾಗುವ ಮೊದಲೇ ಲೋಕ ಅದಾಲತ್ ಮುಂದೆ ರಾಜಿಗೆ ಅರ್ಜಿ ಕೊಡಬಹುದು, ನ್ಯಾಯಾಲಯ ಶುಲ್ಕ ಇಲ್ಲ. ಅಲ್ಲಿ ಆದ ರಾಜಿಗೆ ಸಿವಿಲ್ ನ್ಯಾಯಾಲಯದ ಡಿಕ್ರಿಯಷ್ಟೇ ಬೆಲೆ. ಆದರೆ ಎರಡೂ ಕಡೆಯವರು ಒಪ್ಪಿದರೆ ಮಾತ್ರ ರಾಜಿ ಆಗುತ್ತದೆ. ಮಾಹಿತಿಗೆ 15100 ಸಹಾಯವಾಣಿ ಇದೆ. ಹಣ ಇಟ್ಟುಕೊಂಡವರು ಬ್ರೋಕರ್ ಆಗಿದ್ದರೆ ಅವರದು ಹಣ ಪಡೆದು ಕೊಡುವ ಸೇವೆಯಾದ್ದರಿಂದ ಗ್ರಾಹಕ ಆಯೋಗದ ಬಾಗಿಲು ತಟ್ಟಬಹುದು.

ಪೊಲೀಸ್ ದೂರಿನ ಬೆದರಿಕೆ ಹಾಕುವುದು ಬಹುಮಟ್ಟಿಗೆ ತಪ್ಪು ಹೆಜ್ಜೆ. ಟೋಕನ್ ಕೊಡಲೊಲ್ಲೆ ಎನ್ನುವುದು ಸಿವಿಲ್ ವ್ಯಾಜ್ಯ. ಹಣ ಪಡೆಯುವಾಗಲೇ ಮೋಸದ ಉದ್ದೇಶ ಇತ್ತೆಂದು ತೋರಿಸಿದರೆ ಮಾತ್ರ ಅದು ವಂಚನೆಯ ಅಪರಾಧ. ಫ್ಲಾಟು ಆ ವ್ಯಕ್ತಿಯದೇ ಅಲ್ಲ, ಅಥವಾ ಒಂದೇ ಫ್ಲಾಟಿಗೆ ಹಲವರಿಂದ ಟೋಕನ್ ಎತ್ತಿದ್ದಾರೆ ಎಂದು ಗೊತ್ತಾದರೆ ಕಾಯಬಾರದು. ಆನ್‌ಲೈನ್‌ನಲ್ಲಿ ಹಣ ಕಳೆದಿದ್ದರೆ ಕೂಡಲೇ 1930ಕ್ಕೆ ಕರೆ ಮಾಡಿ ದೂರು ದಾಖಲಿಸಬೇಕು.

ಟೋಕನ್ ಕೊಡುವಾಗ ಬರೆಯಬೇಕಾದ ಸಾಲು

ವರ್ಗವಾಗಿ ಬರುವವರು ಮನೆ ಗೊತ್ತುಮಾಡುವಾಗ ಬಾಯಿಮಾತಿನ ಸುದ್ದಿಯನ್ನು ನಂಬಿ ಟೋಕನ್ ಕೊಡಬಾರದು. ಲಿಖಿತ ಆದೇಶ ಕೈಗೆ ಬಂದ ಮೇಲೆ, ಸಾಧ್ಯವಾದರೆ ಈಗಿನ ಕಚೇರಿಯಿಂದ ಬಿಡುಗಡೆ ಆದೇಶವಾದ ಮೇಲೆ ಕೊಡುವುದು ಕ್ಷೇಮ. ಅಲ್ಲಿಯವರೆಗೆ ಮನೆ ಕೈತಪ್ಪುವ ಭಯವಿದ್ದರೆ ಟೋಕನ್ ಮೊತ್ತವನ್ನು ಸಣ್ಣದಾಗಿ ಇಡಬೇಕು.

ಹಣ ಹಾಕುವ ಮುನ್ನ ಮಾಲೀಕರಿಗೆ ಈ ಸಾಲನ್ನು ಕಳಿಸಿ, ಅವರಿಂದ ‘ಒಪ್ಪಿದ್ದೇನೆ’ ಎಂದು ಉತ್ತರ ಪಡೆಯಬೇಕು: ‘ನನ್ನ ವರ್ಗಾವಣೆ ರದ್ದಾಗಿ ಮನೆಗೆ ಬರಲಾಗದಿದ್ದರೆ, ನಾನು ತಿಳಿಸಿದ ದಿನದಿಂದ ಗರಿಷ್ಠ ಹತ್ತು ದಿನಗಳ ಬಾಡಿಗೆ ಹಿಡಿದುಕೊಂಡು ಉಳಿದ ಟೋಕನ್ ವಾಪಸ್ ಕೊಡತಕ್ಕದ್ದು.’ ಮಾಲೀಕರಿಗೆ ಇದರಲ್ಲಿ ಹತ್ತು ದಿನದ ಖಾತರಿ ಸಿಗುತ್ತದೆ, ಬಾಡಿಗೆದಾರರಿಗೆ ನಷ್ಟದ ಮಿತಿ ಗೊತ್ತಿರುತ್ತದೆ. ಒಪ್ಪದ ಮಾಲೀಕರಿಗೆ, ಆದೇಶ ಗಟ್ಟಿಯಾಗುವವರೆಗೆ ಟೋಕನ್ ಕೊಡದಿರುವುದೇ ಸರಿ.